ಬಿಸಿ ಇರುವಾಗಲೇ ತರಬೇಕಿದ್ದ ಡಬ್ಬಿ

ಎಂಬತ್ತರ ದಶಕದ ಕೊನೆ. ನಾನೂ ನನ್ನ ಗೆಳತಿಯೂ ಸಿಂಧನೂರಿನ ಒಂದು ಖಾಸಗಿ ದವಾಖಾನೆಯ ಲ್ಯಾಬಿನಲ್ಲಿ ಕೆಲಸ ಕಲಿಯುತ್ತಿದ್ದೆವು. ಅವಳು ಪಾಮನಕಲ್ಲೂರಿನವಳು, ನಾನು ಸಂತೆಕಲ್ಲೂರಿನವಳು. ಇಬ್ಬರೂ ಸೇರಿ ಒಂದು ಖೋಲಿ ಹಿಡಿದಿದ್ದೆವು. ಅವಳಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಹಾಗಾಗಿ ಅಡುಗೆ ನನ್ನದು, ರೊಟ್ಟಿಯ ಜೊತೆ ಸೌತೆಕಾಯಿ, ಹಸಿ ಉಳ್ಳಾಗಡ್ಡಿ ಹೆಚ್ಚಿಡುವುದೂ ನನ್ನದೇ.

ಆ ಬೇಸಿಗೆಯಲ್ಲಿ ನನ್ನ ಹೊಟ್ಟೆ ಕೆಟ್ಟಿತ್ತು. ಎರಡು ತುತ್ತು ಉಂಡರೆ ಉಬ್ಬಿಕೊಳ್ಳುತ್ತಿತ್ತು. ಕೊಳೆತ ತತ್ತಿಯ ವಾಸನೆಯ ತೇಗು. ಮಲ ಬಿಳಿಚಿ, ಜಿಡ್ಡಾಗಿ, ಎಷ್ಟು ನೀರು ಸುರಿದರೂ ತೇಲುತ್ತಿತ್ತು. ಅದರ ನಾತ ಬೇರೆ. ರಕ್ತವಿಲ್ಲ, ಜ್ವರವಿಲ್ಲ, ಹಾಗಾಗಿ ರೋಗವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ವಠಾರದ ನಾಲ್ಕು ಮನೆಗಳಿಗೆ ಒಂದೇ ಪಾಯಖಾನೆ. ಎಲ್ಲರೂ ಹೋಗಿ ಬಂದ ಮೇಲೆ ನಾನು ಹೋಗುತ್ತಿದ್ದೆ. ರವಿಕೆ ಸಡಿಲಾಗುತ್ತಿದ್ದುದನ್ನು ಗೆಳತಿ ಕೇಳಿದರೆ ಉಪವಾಸ ಎನ್ನುತ್ತಿದ್ದೆ. ಹಗಲೆಲ್ಲ ಊರಿನವರ ಮಲ ಪರೀಕ್ಷೆ ಮಾಡುವವಳಿಗೆ ತನ್ನದರ ಮಾತೆತ್ತಲು ಬಾಯಿ ಬರಲಿಲ್ಲ.

ಅಷ್ಟರಲ್ಲಿ ಗೆಳತಿ ಹಾಸಿಗೆ ಹಿಡಿದಳು. ಹೊಟ್ಟೆ ಹಿಂಡುತ್ತಿತ್ತು, ಮತ್ತೆ ಮತ್ತೆ ಓಡುತ್ತಿದ್ದಳು. ಪ್ರತಿಸಲವೂ ಚೂರೇ ಚೂರು, ಅದೂ ರಕ್ತ, ಲೋಳೆ. ನಮಗೆ ಕಲಿಸುತ್ತಿದ್ದ ಸರ್ ಅವಳ ಸ್ಯಾಂಪಲ್ಲನ್ನು ಸಲೈನಿನ ಉಪ್ಪುನೀರಿನಲ್ಲಿ ಕದಡಿ ಸ್ಲೈಡು ಮಾಡಿ ನನ್ನನ್ನು ಕರೆದರು. ಸೂಕ್ಷ್ಮದರ್ಶಕದಡಿ ಒಂದು ಜೀವಿ ಗಾಜಿನಂತೆ ತಿಳಿಯಾದ ಬೆರಳೊಂದನ್ನು ಮುಂದೆ ಚಾಚುತ್ತಿತ್ತು, ಇಡೀ ದೇಹ ಅದರೊಳಗೆ ಹರಿದು ಸಾಗುತ್ತಿತ್ತು. ಒಳಗೆ ಕೆಂಪು ರಕ್ತಕಣಗಳು.

"ರಕ್ತ ನುಂಗೇತಿ ನೋಡು. ಇದು ಅಮೀಬಾದ ಆಮಶಂಕೆ," ಎಂದರು ಸರ್. ಆಮೇಲೆ, "ನೀವಿಬ್ಬರೂ ಒಂದ ಖೋಲ್ಯಾಗ ಇರ್ತೀರಿ, ಒಂದ ನೀರು ಕುಡೀತೀರಿ. ನಾಳೆ ನಿಂದೂ ತಗೊಂಡು ಬಾ."

ಮರುದಿನ ಡಬ್ಬಿ ತಂದೆನಾದರೂ ಮಧ್ಯಾಹ್ನದ ತನಕ ಚೀಲದಿಂದ ತೆಗೆಯಲಿಲ್ಲ. ಸರ್ ನೋಡಿ, "ಯಾವಾಗಿಂದು?" ಎಂದರು.

"ಮುಂಜಾನಿದು ರೀ."

"ಇಷ್ಟೊತ್ತಿಗೆ ಓಡಾಡೋವು ಸತ್ತಿರ್ತಾವು. ನಿನಗೇನಾರ ತ್ರಾಸು ಐತೇನು?"

"ಇಲ್ರೀ."

ಅವರು ಒಮ್ಮೆ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರು. "ಇಷ್ಟು ಅರಗದ ಎಣ್ಣಿ ಹನಿ ಅದಾವು, ತ್ರಾಸಿಲ್ಲ ಅಂತಿ? ಹೋಗು, ಬಿಸಿ ಇರೂವಾಗನ ತಾ."

ದವಾಖಾನೆಯ ಹಿಂದಿನ ಪಾಯಖಾನೆಗೆ ಹೋಗಿ, ಬೆಂಚಿನ ಮೇಲೆ ಕೂತ ರೋಗಿಗಳ ಮುಂದೆ ಡಬ್ಬಿ ಹಿಡಿದು ಬಂದೆ. "ಲ್ಯಾಬಿನವ್ರಿಗೂ ಬಂತೇನವಾ?" ಎಂದು ಕಂಪೌಂಡರು ನಕ್ಕರು. ನಾನು ತಲೆ ತಗ್ಗಿಸಿ ಒಳಗೆ ನಡೆದೆ.

ಈ ಸಲ ಜೀವಂತ ಸಿಕ್ಕವು. ಪೇರಲಹಣ್ಣು ಸೀಳಿದಂತಹ ಆಕಾರ, ಉದುರುವ ಎಲೆಯ ಹಾಗೆ ಹೊರಳಾಡುತ್ತ. ಒಂದು ನಿಂತಾಗ ಅದರ ಎರಡು ನ್ಯೂಕ್ಲಿಯಸ್ಸುಗಳು ಕಣ್ಣಿನಂತೆ ಕಂಡವು. ಅದು ಜಿಯಾರ್ಡಿಯಾ, ಕರುಳಿನ ಇನ್ನೊಂದು ಪರೋಪಜೀವಿ.

ಅಯೋಡಿನ್ ಹಾಕಿದ ಸ್ಲೈಡಿಗೆ ನಾನೇ ಕೂತೆ. ಜಿಯಾರ್ಡಿಯಾದ ಸಿಸ್ಟುಗಳು, ಅಂದರೆ ಕವಚ ಹೊದ್ದ ರೂಪಗಳು, ಮೊಟ್ಟೆಯಾಕಾರದವು, ಒಳಗೊಂದು ಉದ್ದ ಗೆರೆ, ಒಂದು ತುದಿಗೆ ನ್ಯೂಕ್ಲಿಯಸ್ಸುಗಳು. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ದುಂಡಗಿನವು ಇದ್ದವು. ಫೋಕಸ್ ಮೇಲೆ ಕೆಳಗೆ ತಿರುಗಿಸಿ ನೋಡಿದೆ. ನಾಲ್ಕು ನ್ಯೂಕ್ಲಿಯಸ್ಸು, ಪ್ರತಿಯೊಂದರ ನಟ್ಟನಡುವೆ ಚುಕ್ಕೆ. ಸಲೈನಿನ ಸ್ಲೈಡಿಗೆ ಹಿಂದಿರುಗಿದರೆ ಅಂಥದ್ದೇ ಒಂದರಲ್ಲಿ ತುದಿ ದುಂಡಾದ ಮೊಂಡು ಕಡ್ಡಿ. ಸರ್ ಹೇಳುವ ಮೊದಲೇ ತಿಳಿಯಿತು.

"ಅಮೀಬಾನೂ ಐತಿ," ಎಂದರು ಸರ್ ಮೆಲ್ಲಗೆ. "ನಿನಗ ಏನೂ ಮಾಡದ ಸುಮ್ನ ಕುಂತೈತಿ. ನಿನ್ನಿಂದ ಆಕೀಗೆ ಹೋತೋ, ಇಬ್ಬರಿಗೂ ಕುಡಿಯೋ ಕಾಲುವೆ ನೀರಿಂದ ಬಂತೋ, ಯಾರಿಗೂ ಗೊತ್ತಾಗಂಗಿಲ್ಲ."

ಹೊಟ್ಟೆಯ ತ್ರಾಸನ್ನು ಮುಚ್ಚಿಟ್ಟುಕೊಂಡು ಅವಳಿಗೆ ಉಣಬಡಿಸಿದ್ದೆ. ಅದು ಮಾತ್ರ ಗೊತ್ತಿತ್ತು.

ಖೋಲಿಗೆ ಬಂದರೆ ಗೆಳತಿಯ ತಾಯಿ ಊರಿನಿಂದ ಬಂದಿದ್ದರು. ನನ್ನ ಕೈ ಹಿಡಿದು, "ನೀ ಮಾಡಿ ಹಾಕಿದ್ದಕ್ಕ ನನ್ನ ಮಗಳು ಜೀವ ಹಿಡದಾಳವ್ವಾ," ಎಂದರು. ನಾನು ಕೈ ಬಿಡಿಸಿಕೊಂಡೆ. ನಿಂತಲ್ಲೇ ಎಲ್ಲ ಹೇಳಿದೆ: ತೇಗು, ತೇಲುವುದು, ಸ್ಲೈಡಿನಲ್ಲಿ ಕಂಡ ದುಂಡಗಿನವು.

ಗೆಳತಿ ಗೋಡೆಯ ಕಡೆಯಿಂದ ಇತ್ತ ಹೊರಳಿದಳು. "ಇಷ್ಟು ದಿನ ಹಿಂಗಿತ್ತು, ನನಗ ಹೇಳಲಿಲ್ಲಲ್ಲ? ಉಪವಾಸ ಅಂದಿ."

ತಾಯಿ ಗೂಡಿನಲ್ಲಿದ್ದ ಬ್ಲೇಡು ತೆಗೆದುಕೊಂಡು, "ಕೈ ಕೊಡಿಲ್ಲೆ," ಎಂದು ನನ್ನ ಉಗುರುಗಳನ್ನೆಲ್ಲ ಕತ್ತರಿಸಿದರು, ಸಣ್ಣ ಹುಡುಗಿಗೆ ಮಾಡುವ ಹಾಗೆ. ಬಳಿಕ ಮಗಳದನ್ನೂ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಆಮೇಲೆ ನೀರು ಕುದಿಸಲು ಒಲೆ ಹಚ್ಚಿದರು.

ಇಬ್ಬರೂ ಮೆಟ್ರೊನಿಡಜೋಲ್ ಮಾತ್ರೆ ನುಂಗಿದೆವು. ಬಾಯೆಲ್ಲ ಕಬ್ಬಿಣ ನೆಕ್ಕಿದ ರುಚಿ. ಕರುಳಿನಲ್ಲಿ ಉಳಿದ ಅಮೀಬಾಕ್ಕೆ ಬೇರೆ ಮಾತ್ರೆ. ಮತ್ತೆ ಮತ್ತೆ ಪರೀಕ್ಷೆ ಮಾಡಿಸಿದೆವು, ಇಬ್ಬರ ಸ್ಲೈಡುಗಳೂ ಸ್ವಚ್ಛವಾದವು. ಗೆಳತಿ ಮಾತ್ರ ಬೇಕಾದಷ್ಟೇ ಮಾತಾಡುತ್ತಿದ್ದಳು. ಕೊನೆಗೊಂದು ಮುಂಜಾನೆ, ಜಡೆ ಹಾಕಿಕೊಳ್ಳುತ್ತ, ನನ್ನ ಕಡೆ ನೋಡದೆ ಕೇಳಿದಳು:

"ಇವತ್ತು ಹೊಟ್ಟಿ ಹೆಂಗೈತಿ?"

ಕಿವಿ ಬಿಸಿಯಾದವು. ಆದರೂ ಮಲದ ಬಣ್ಣದ ಸಮೇತ ಎಲ್ಲ ಹೇಳಿದೆ.