ಹೊಸ ಫ್ರಿಜ್ಜಿನ ರಿಪೇರಿ

ನಲವತ್ತರ ದಶಕದ ಕೊನೆಗೆ ನಾನು ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ಶರಬತ್ತಿನ ಅಂಗಡಿಯ ಸಾವಕಾರನೊಬ್ಬನ ಲೆಕ್ಕ ಬರೆಯುತ್ತಿದ್ದೆ. ಮದುವೆಯಾಗಿ ವರ್ಷ ಕಳೆದಿತ್ತು. ಹೆಂಡತಿ ಇನ್ನೂ ಬಬಲೇಶ್ವರದ ತವರಿನಲ್ಲೇ ಇದ್ದಳು. ಊರಲ್ಲಿ ಒಂದು ಖೋಲಿ ಹಿಡಿದು ಅವಳನ್ನು ಕರೆತರಲು ತಿಂಗಳಿಗೆ ಐದು ರೂಪಾಯಿ ಕಡಿಮೆ ಬೀಳುತ್ತಿತ್ತು.

ಆ ವರ್ಷ ಅಂಗಡಿಯ, ಸೀಮೆಎಣ್ಣೆ ದೀಪದಿಂದ ನಡೆಯುವ ಫ್ರಿಜ್ಜು ಕೆಟ್ಟು ಕೂತಿತು. ಸಾವಕಾರ ಮುಂಬಯಿಯಿಂದ ಹೊಸದನ್ನೇ ತರಿಸಿ, ಕುಂಕುಮ ಹಚ್ಚಿ, ಕಾಯಿ ಒಡೆದು, ರಸ್ತೆಗೆಲ್ಲ ಪೇಡೆ ಹಂಚಿದ. ಆಮೇಲೆ ನನ್ನನ್ನು ಒಳಗೆ ಕರೆದ.

“ಇದನ್ನ ರಿಪೇರಿ ಖರ್ಚಿಗೆ ಬರಿ. ಅಷ್ಟೂ ರೊಕ್ಕ ಈ ವರ್ಷದ ಲಾಭದಾಗ ಕಳೀತದ, ತೆರಿಗಿ ಇಳೀತದ. ತೆರಿಗಿ ಆಫೀಸಿನಾಗ ಪಾಸಾತಂದ್ರ ನಿನ್ನ ಪಗಾರ ಐದು ರೂಪಾಯಿ ಹೆಚ್ಚು ಮಾಡ್ತೀನಿ.”

ನಿಯಮ ನನಗೆ ಗೊತ್ತಿತ್ತು. ಬರ್ನರ್ ಇಲ್ಲವೇ ಬತ್ತಿ ಬದಲಿಸಿದರೆ ರಿಪೇರಿ. ಇಡೀ ಫ್ರಿಜ್ಜು ಕೊಂಡರೆ ಬಂಡವಾಳ ವೆಚ್ಚ, ವರ್ಷವರ್ಷ ಸವಕಳಿಯೆಂದು ಚೂರುಚೂರೇ ಕಳೆಯಬೇಕು. ಗೊತ್ತಿದ್ದೂ ‘ಹಳೆಯ ಫ್ರಿಜ್ಜಿನ ರಿಪೇರಿ’ ಎಂದು ದುಂಡಗೆ ಬರೆದೆ. ಐದು ರೂಪಾಯಿಗೆ ನನ್ನ ಧರ್ಮಬುದ್ಧಿ ತುಂಬಾ ಅಗ್ಗವಾಗಿಯೇ ಸಿಕ್ಕಿತು.

ಆದಾಯ ತೆರಿಗೆ ಸಾಹೇಬರು ನಮ್ಮಿಬ್ಬರನ್ನೂ ಪುಸ್ತಕ, ಬಿಲ್ಲು ಸಮೇತ ಕರೆಸಿದರು. ಬಿಲ್ಲಿನಲ್ಲಿ ‘ಹೊಸ ಫ್ರಿಜ್ಜು ಒಂದು’ ಎಂದೇ ಇತ್ತು. ಸಾವಕಾರ ವಾದಕ್ಕಿಳಿದ.

“ಹಳೇದು ಸತ್ತಿತ್ರಿ ಸಾಹೇಬರ. ಅದರ ಜಾಗಾದಾಗ ಇದನ್ನ ಇಟ್ಟೀವಿ. ಅಂಗಡಿನೂ ಅದೇ, ಮೂಲಿನೂ ಅದೇ, ತಂಪೂ ಅದೇ. ರಿಪೇರಿನ ಆತಲ್ರಿ.”

“ಎತ್ತು ಸತ್ತು ಇನ್ನೊಂದ ತಂದ್ರ, ಎತ್ತು ರಿಪೇರಿ ಮಾಡಿಸೀನಿ ಅಂತೀರೇನ್ರಿ?”

ಕಳ್ಳಕವಟಗಿಯಲ್ಲಿ ಹೊಲ ಇದ್ದ ಸಾವಕಾರನಿಗೆ ಎತ್ತಿನ ಮಾತು ತಟ್ಟನೆ ತಿಳಿಯಿತು. ತಿಳಿಯದವನಂತೆ ಕೂತ.

ಸಾಹೇಬರೇ ಕನಿಕರಿಸಿ ಕೇಳಿದರು: “ಹಳೇದನ್ನ ಗುಜರಿಗೆ ಹಾಕೀರೇನು? ಅದರ ಉಳಿದ ಬೆಲಿ ಪುಸ್ತಕದಾಗ ವಜಾ ಅಂತ ಬರದು ತೋರಿಸಿದ್ರ, ಗುಜರಿ ರೊಕ್ಕ ಕಳದು ಮಿಕ್ಕಿದ್ದನ್ನ ನುಕ್ಸಾನಿ ಅಂತ ಬಿಡ್ತಿದ್ದೆ.”

ಗುಜರಿಗೆ ಹಾಕಿದ್ದೆವು. ಪುಸ್ತಕದಲ್ಲಿ ಮಾತ್ರ ಹಾಗೆ ಬರೆದಿರಲಿಲ್ಲ. ರಿಪೇರಿಯಾದ ಫ್ರಿಜ್ಜನ್ನು ಸಾಯಿಸುವುದು ಹೇಗೆ? ನನ್ನ ಲೆಕ್ಕದಲ್ಲಿ ಅದು ಇನ್ನೂ ಗಟ್ಟಿಮುಟ್ಟಾಗಿ ಶರಬತ್ತು ತಂಪು ಮಾಡುತ್ತಿತ್ತು. ರಿಪೇರಿ ಖರ್ಚಂತೂ ಪಾಸಾಗಲಿಲ್ಲ, ನ್ಯಾಯವಾಗಿ ಸಿಗಬೇಕಾದ ನುಕ್ಸಾನಿಯ ಕಡಿತವೂ ಹೋಯಿತು.

“ಯಾರ ಬರದಾರಿದನ್ನ?”

“ಈ ಗುಮಾಸ್ತ ಬರದಾನ್ರಿ. ನನಗ ಓದಾಕ ಬರಂಗಿಲ್ಲ,” ಎಂದ, ದಿನಾ ಮುಂಜಾನೆ ಗಿರಾಕಿಗಳಿಗೆಲ್ಲ ಪೇಪರ್ ಓದಿ ಹೇಳುವ ಸಾವಕಾರ.

ನಾನು “ಹೌದ್ರಿ” ಎಂದೆ. ಬಾಯಿ ಬಿಟ್ಟರೆ ಇದ್ದ ಕೆಲಸವೂ ಹೋಗುತ್ತಿತ್ತು. ಸಾಹೇಬರು ಆ ಪುಟವನ್ನೇ ನೋಡುತ್ತ ಹೇಳಿದರು: “ಅಕ್ಷರ ಛಲೋ ಅದಾವ. ಸುಳ್ಳು ಬರಿಯೂಮುಂದ ಸುದ್ದಾ ಕೈ ನಡುಗಿಲ್ಲ.” ಇವತ್ತಿಗೂ ಅದು ನೆನಪಾದರೆ ಕಿವಿ ಬಿಸಿಯಾಗುತ್ತದೆ.

ಹೊರಗೆ ಬಂದ ಮೇಲೆ ಸಾವಕಾರ ಹೆಗಲ ಮೇಲೆ ಕೈ ಹಾಕಿದ.

“ಕೇಳಿದ್ಯೇನು? ಅಷ್ಟು ದೊಡ್ಡ ಸಾಹೇಬ ನಿನ್ನ ಅಕ್ಷರ ಹೊಗಳ್ಯಾನ. ಐದು ರೂಪಾಯಿ ಬ್ಯಾರೆ ಯಾಕ ಬೇಕು ನಿನಗ?”

ಅದಕ್ಕೂ ತಲೆಯಾಡಿಸಿದೆ. ಹೆಂಡತಿ ಇನ್ನೂ ಎರಡು ವರ್ಷ ಬಬಲೇಶ್ವರದಲ್ಲೇ ಉಳಿದಳು.