ನಿಂತ ಮೋಟರಿನ ಸ್ವಿಚ್ಚು

ಎಲ್ಲ ಸರಿಯಾಗಿದ್ದ ಕಡೆಯ ದಿನ ಅವಳ ಗಂಡ ತುಟಿ ಒಡೆದುಕೊಂಡು ಮನೆಗೆ ಬಂದ. ಒಡೆದವನು ಅವಳ ತಮ್ಮ. ತಮ್ಮನ ಎಡಗಣ್ಣು ಊದಿ ಮುಚ್ಚಿಕೊಂಡಿತ್ತು. ಅದು ಅವಳ ಗಂಡನ ಕೆಲಸ. ಇಬ್ಬರೂ ಒಂದೇ ಬಾಗಿಲಿನಿಂದ ಒಳಗೆ ಬಂದರು, ಎದುರುಬದುರು ಕೂತು ಊಟ ಮಾಡಿದರು. ಅವಳು ಇಬ್ಬರಿಗೂ ಬಡಿಸಿದಳು.

ಮೂವರೂ ಒಂದೇ ರಬ್ಬರ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಅವಳು ಅಚ್ಚಿನಿಂದ ಬಂದ ವಾಷರುಗಳ ಅಂಚು ಕತ್ತರಿಸುವವಳು. ತಮ್ಮನದು ಉರುಳೆಯ ಕೆಲಸ. ಎರಡು ದಪ್ಪ ಕಬ್ಬಿಣದ ಉರುಳೆಗಳು ಒಂದರ ಕಡೆಗೊಂದು ತಿರುಗುತ್ತ ಹಸಿ ರಬ್ಬರನ್ನು ಕರಿಪುಡಿಯ ಜೊತೆ ನಾದುತ್ತವೆ. ಅವುಗಳ ಮುಂದೆ ನಿಂತು ರಬ್ಬರ್ ತಿನ್ನಿಸಬೇಕು. ಆ ಉರುಳೆಗಳನ್ನು ತಿರುಗಿಸುವ ಮೋಟರು ಅವಳ ಗಂಡನ ಕೈಯಲ್ಲಿತ್ತು. ಹಳೆಯ ಡಿ.ಸಿ. ಮೋಟರು. ಅದಕ್ಕೆ ಕರೆಂಟು ಕಾರ್ಖಾನೆಯದೇ ಡೈನಮೋ ಮನೆಯಿಂದ ಬರುತ್ತಿತ್ತು.

ಅವನನ್ನು ಎಲ್ಲರೂ ನಿಧಾನಣ್ಣ ಎನ್ನುತ್ತಿದ್ದರು. ಮದುವೆಯಲ್ಲಿ ತಾಳಿ ಕಟ್ಟುವುದಕ್ಕೂ ಅಷ್ಟೊತ್ತು ತೆಗೆದುಕೊಂಡವನು ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು. ಚಪ್ಪಲಿ ಹಾಕಿಕೊಳ್ಳುವುದಕ್ಕೂ ಅವನಿಗೆ ಪುರಸೊತ್ತು ಬೇಕು. ಆದರೆ ಆ ಹೆಸರು ಅವನಿಗೆ ಬಂದದ್ದು ಮೋಟರಿನಿಂದ. ಗೋಡೆಯ ಮೇಲೆ ಒಂದು ಪೆಟ್ಟಿಗೆ, ಅದರ ಮುಖದ ಮೇಲೆ ಸಾಲಾಗಿ ಹಿತ್ತಾಳೆಯ ಗುಬಟುಗಳು, ಅವುಗಳ ಮೇಲೆ ಸರಿಯುವ ಒಂದು ಹಿಡಿ. ಮೊದಲ ಗುಬಟಿನ ಮೇಲೆ ಹಿಡಿ ಇಟ್ಟರೆ ಕರೆಂಟು ಪೆಟ್ಟಿಗೆಯೊಳಗಿನ ತಂತಿಸುರುಳಿಗಳನ್ನೆಲ್ಲ ಸುತ್ತಿ, ಸೊರಗಿ, ಆಮೇಲೆ ಮೋಟರಿಗೆ ಹೋಗುತ್ತದೆ. ಮೋಟರು ಮೆಲ್ಲಗೆ ಹೊರಳುತ್ತದೆ. ಪೆಟ್ಟಿಗೆಯ ಮೇಲಿನ ಕರೆಂಟು ಅಳೆಯುವ ಮೀಟರಿನ ಮುಳ್ಳು ಜಿಗಿದು, ಮೋಟರು ವೇಗ ಹಿಡಿದ ಹಾಗೆ ತಾನಾಗಿ ಇಳಿಯುತ್ತದೆ. ಇಳಿದ ಮೇಲೆ ಅವನು ಹಿಡಿಯನ್ನು ಮುಂದಿನ ಗುಬಟಿಗೆ ಸರಿಸುತ್ತಿದ್ದ. ಮತ್ತೆ ಕಾಯುತ್ತಿದ್ದ. ಮೇಸ್ತ್ರಿ ಹಿಂದೆ ನಿಂತು ಅವನ ಅಪ್ಪನನ್ನೂ ತಾತನನ್ನೂ ಬೈಯುತ್ತಿದ್ದ. ಅವನು ಕಾಯುತ್ತಿದ್ದ.

ಯಾಕೆ ಅಷ್ಟು ಕಾಯಬೇಕು ಎಂದು ಅವಳು ಒಮ್ಮೆ ಕೇಳಿದ್ದಳು.

"ನಿಂತಾಗ ಇದು ಬರೀ ತಾಮ್ರದ ತಂತಿ ಕಣೇ. ಬಂದಷ್ಟನ್ನೂ ನುಂಗುತ್ತೆ. ತಿರುಗೋಕೆ ಶುರು ಮಾಡಿದ್ರೆ ಇದೂ ಒಂದು ಡೈನಮೋ ಆಗುತ್ತೆ, ಬರೋ ಕರೆಂಟಿಗೆ ಎದುರು ಒತ್ತುತ್ತೆ. ಜೋರಾಗಿ ತಿರುಗಿದಷ್ಟೂ ಜೋರಾಗಿ ಒತ್ತುತ್ತೆ. ಲೈನು ಇನ್ನೂರಿಪ್ಪತ್ತು ವೋಲ್ಟ್ ಒತ್ತಿದ್ರೆ ಇದು ಇನ್ನೂರಹತ್ತು ಎದುರು ಒತ್ತುತ್ತೆ ಅನ್ಕೋ. ಮಿಕ್ಕ ಹತ್ತರ ಜೋರಿಗೆ ಎಷ್ಟು ಕರೆಂಟು ಹೋಗುತ್ತೋ ಅಷ್ಟೇ ಒಳಕ್ಕೆ."

"ನಿಂತಿದ್ರೆ?"

"ಎದುರು ಒತ್ತೋರೇ ಇಲ್ವಲ್ಲ. ಪೂರ್ತಿ ಇನ್ನೂರಿಪ್ಪತ್ತರ ಜೋರು. ಇಪ್ಪತ್ತು ಪಟ್ಟು ಒಳಕ್ಕೆ ನುಗ್ಗುತ್ತೆ. ಅದಕ್ಕೇ ಪೆಟ್ಟಿಗೆ, ಅದಕ್ಕೇ ನಿಧಾನ."

"ಥೇಟ್ ನಿಮ್ಮಮ್ಮ," ಎಂದಳು ಅವಳು. "ಓಡಾಡ್ತಿದ್ರೆ ಸುಮ್ನಿರ್ತಾರೆ. ಕೂತ್ರೆ ಮನೇನೇ ನುಂಗ್ತಾರೆ."

ಅವನು ಅದಕ್ಕೆ ನಕ್ಕದ್ದೂ ನಿಧಾನವಾಗಿಯೇ.

ಜಗಳ ಹುಟ್ಟಿದ್ದು ಒಂದು ತುಂಡು ತಂತಿಯಿಂದ. ಹಿಡಿ ಕೊನೆಯ ಗುಬಟಿಗೆ ಬಂದಾಗ ಅಲ್ಲಿ ಅದನ್ನು ಹಿಡಿದುಕೊಳ್ಳಲು ಒಂದು ವಿದ್ಯುತ್ ಅಯಸ್ಕಾಂತವಿದೆ. ಕರೆಂಟು ಹೋದರೆ ಅಯಸ್ಕಾಂತ ಬಿಡುತ್ತದೆ, ಸ್ಪ್ರಿಂಗು ಹಿಡಿಯನ್ನು ಮೊದಲ ಜಾಗಕ್ಕೆ ಎಳೆದುಹಾಕುತ್ತದೆ. ಮತ್ತೆ ಕರೆಂಟು ಬಂದರೂ ಮೋಟರು ಅಲುಗುವುದಿಲ್ಲ, ಯಾರಾದರೂ ಮೊದಲಿನಿಂದ ಶುರುಮಾಡಬೇಕು. ಆ ಅಯಸ್ಕಾಂತ ಹಳತಾಗಿ ಸತ್ವ ಕಳೆದುಕೊಂಡಿತ್ತು. ಕರೆಂಟು ಒಂದಿಷ್ಟು ತಗ್ಗಿದರೂ ಹಿಡಿ ಬಿಟ್ಟುಹೋಗುತ್ತಿತ್ತು, ಉರುಳೆ ನಿಂತುಬಿಡುತ್ತಿತ್ತು. ನಡುವೆ ಸಿಕ್ಕ ರಬ್ಬರು ತಣ್ಣಗಾಗಿ ಕಲ್ಲಾಗುತ್ತಿತ್ತು. ಅದನ್ನು ಚಾಕುವಿನಿಂದ ಕೊಯ್ದು ತೆಗೆಯಬೇಕು. ಕೊಯ್ಯುವವನು ತಮ್ಮ, ಮೇಸ್ತ್ರಿಯಿಂದ ಕಪಾಳಕ್ಕೆ ತಿನ್ನುವವನೂ ತಮ್ಮ. ಹೊಸ ಅಯಸ್ಕಾಂತ ಬೇಕೆಂದು ನಿಧಾನಣ್ಣ ಕೇಳಿದಾಗಲೆಲ್ಲ ಮೇಸ್ತ್ರಿ ನೋಡೋಣ ಎನ್ನುತ್ತಿದ್ದ.

ತಮ್ಮ ತಾನೇ ದಾರಿ ಕಂಡುಕೊಂಡ. ಭಾವ ಆಚೀಚೆ ಹೋದಾಗ ತಾಮ್ರದ ತಂತಿಯಿಂದ ಹಿಡಿಯನ್ನು ಕೊನೆಯ ಗುಬಟಿಗೇ ಬಿಗಿದು ಕಟ್ಟಿಬಿಡುತ್ತಿದ್ದ. ಫ್ಯೂಸು ಸುಟ್ಟರೆ ಅದೇ ತಂತಿಯನ್ನು ಮಡಿಸಿ ಫ್ಯೂಸಿಗೂ ತುಂಬುತ್ತಿದ್ದ. ನಿಧಾನಣ್ಣ ಕಂಡಾಗಲೆಲ್ಲ ಕತ್ತರಿಸುತ್ತಿದ್ದ. ತಮ್ಮ ಮತ್ತೆ ಕಟ್ಟುತ್ತಿದ್ದ. ಹೆಂಡತಿಯ ತಮ್ಮನೆಂದು ನಿಧಾನಣ್ಣ ಆಫೀಸಿಗೆ ಹೇಳಲಿಲ್ಲ. ಆವತ್ತು ಮಾತ್ರ ಅಂಗಳದಲ್ಲಿ ಎಲ್ಲರ ಎದುರಿಗೆ ಅವನ ಕೊರಳಪಟ್ಟಿ ಹಿಡಿದು ಗುದ್ದಿದ.

ಊಟ ಮುಗಿದ ಮೇಲೆ ತಮ್ಮನೇ ಬಾಯಿ ತೆಗೆದ.

"ಭಾವ, ನೀನು ತಂತಿ ಬಿಚ್ಚು, ನಾನು ಹೊಡೆತ ತಿನ್ತೀನಿ. ಒಳ್ಳೇ ನ್ಯಾಯ."

"ಹೊಡೆತ ತಿಂದೋನು ಸಂಜೆ ಮನೆಗೆ ಬರ್ತಾನೆ ಕಣೋ," ಎಂದ ನಿಧಾನಣ್ಣ. "ಉರುಳೆ ನಿಂತಿದೆ ಅಂತ ನೀನು ಕೈ ಹಾಕಿರ್ತೀಯ. ಹಿಡಿ ಕಟ್ಟಿರುತ್ತೆ. ಕರೆಂಟು ವಾಪಸ್ ಬರುತ್ತೆ. ಆಮೇಲೆ?"

ತಮ್ಮ ತಾನೇನು ಎಳೇ ಮಗುವಾ ಎಂದು ಗೊಣಗುತ್ತ ಚಾಪೆ ಹಾಸಿಕೊಂಡ. ಇವರಿಬ್ಬರನ್ನು ಕಟ್ಟಿಕೊಂಡು ತನ್ನ ತಲೆ ಕೆಟ್ಟುಹೋಗುತ್ತದೆ ಎನ್ನುತ್ತ ಅವಳು ಪಾತ್ರೆ ತಿಕ್ಕಿದಳು.

ಮರುದಿನ ನಿಧಾನಣ್ಣ ಶೆಡ್ಡಿನ ಹಿಂದೆ ಗ್ರೀಸ್ ತರಲು ಹೋಗಿದ್ದ. ಬೇರೆ ಶೆಡ್ಡಿನಲ್ಲಿ ಎಲ್ಲೋ ತಂತಿಗೆ ತಂತಿ ತಗುಲಿ ಡೈನಮೋ ಮನೆಯ ದೊಡ್ಡ ಸ್ವಿಚ್ಚು ತಾನಾಗಿ ಬಿತ್ತು. ಎಲ್ಲ ದೀಪ ಆರಿದವು. ಉರುಳೆ ನಿಂತಿತು. ಹಿಡಿ ಬೀಳಬೇಕಿತ್ತು, ಬೀಳಲಿಲ್ಲ. ತಮ್ಮ ಬೆಳಗ್ಗೆಯೇ ಕಟ್ಟಿದ್ದ. ಕಟ್ಟಿದ್ದು ಅವನಿಗೆ ನೆನಪಿರಲಿಲ್ಲವೋ, ರಬ್ಬರು ಕಲ್ಲಾಗುವ ಮೊದಲು ಕೊಯ್ಯುವ ಆತುರವೋ, ಅವನು ಚಾಕು ಹಿಡಿದು ಬಲಗೈಯನ್ನು ಉರುಳೆಗಳ ಸಂದಿಗೆ ಹಾಕಿದ.

ಡೈನಮೋ ಮನೆಯವನು ಸ್ವಿಚ್ಚು ಮತ್ತೆ ಎತ್ತಿದ.

ಅವಳು ಪಕ್ಕದ ಕೋಣೆಯಲ್ಲಿ ವಾಷರಿನ ಅಂಚು ಕತ್ತರಿಸುತ್ತಿದ್ದಳು. ಮೊದಲು ಕೇಳಿದ್ದು ಮೋಟರು. ದಿನವೂ ಮೆಲ್ಲಗೆ ಗೊಣಗುತ್ತ ಏಳುತ್ತಿದ್ದ ಮೋಟರು ಒಮ್ಮೆಗೇ ಗುಡುಗಿತು. ಆಮೇಲೆ ಕೇಳಿದ್ದು ತಮ್ಮನ ಕೂಗು. ಅದು ಮನುಷ್ಯರ ಕೂಗಿನ ಹಾಗಿರಲಿಲ್ಲ. ಅವಳು ಕತ್ತರಿ ಹಿಡಿದುಕೊಂಡೇ ಓಡಿದಳು.

ಉರುಳೆಗಳು ಅವನ ಕೈಯನ್ನು ಮೊಣಕೈವರೆಗೆ ನುಂಗಿದ್ದವು. ಅಲ್ಲಿ ತಣ್ಣಗಿನ ರಬ್ಬರಿನ ಮುದ್ದೆ ಬೆಣೆಯ ಹಾಗೆ ಸಿಕ್ಕಿ, ಉರುಳೆ ಮುಂದೆ ಹೋಗಲಾರದೆ ನಿಂತಿತ್ತು. ಆದರೆ ಸುಮ್ಮನೆ ನಿಂತಿರಲಿಲ್ಲ. ಮೋಟರಿಗೆ ಪೂರ್ತಿ ಕರೆಂಟು ನುಗ್ಗುತ್ತಿತ್ತು, ಎದುರು ಒತ್ತುವುದು ಏನೂ ಇರಲಿಲ್ಲ. ಮಡಿಸಿದ ತಂತಿಯ ಫ್ಯೂಸು ಸುಡುತ್ತಿರಲಿಲ್ಲ. ಡೈನಮೋ ಮನೆಯ ದೊಡ್ಡ ಸ್ವಿಚ್ಚು ಇಡೀ ಕಾರ್ಖಾನೆಯ ಭಾರ ಹೊರುವಂಥದ್ದು, ಅದಕ್ಕೆ ಇದು ಲೆಕ್ಕಕ್ಕೇ ಇಲ್ಲ. ಮೋಟರಿನ ಬ್ರಷ್ಷುಗಳ ಸುತ್ತ ನೀಲಿ ಬೆಂಕಿ. ಉರುಳೆ ಬಿಗಿದುಕೊಂಡು ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು ಒಳಕ್ಕೆ ಎಳೆಯುತ್ತಿತ್ತು. ತಮ್ಮನ ಭುಜ ಕಬ್ಬಿಣಕ್ಕೆ ಒತ್ತಿಕೊಂಡಿತ್ತು. ಮುಂದೆ ಅವನ ತಲೆ.

ನಿಧಾನಣ್ಣ ಬಂದದ್ದು ಓಡಿಕೊಂಡು. ಅವನು ಓಡಿದ್ದನ್ನು ಅವಳು ಅದಕ್ಕೆ ಮೊದಲು ಕಂಡಿರಲಿಲ್ಲ. ಪೆಟ್ಟಿಗೆಯ ಕಡೆ ನೋಡಿದ, ತಂತಿ ಬಿಗಿದದ್ದು ಕಂಡ. ಅದನ್ನು ಬಿಚ್ಚುವಷ್ಟು ಹೊತ್ತಿರಲಿಲ್ಲ. ಪಕ್ಕದಲ್ಲಿ ಶೆಡ್ಡಿನ ಕತ್ತಿ ಸ್ವಿಚ್ಚು. ಎರಡು ತಾಮ್ರದ ಅಲಗು, ಒಂದು ಮರದ ಹಿಡಿಕೆ, ಮೇಲೆ ಮುಚ್ಚಳವಿಲ್ಲ. ಆ ಸ್ವಿಚ್ಚನ್ನು ಅವನು ಸಂಜೆಹೊತ್ತು ಮೋಟರು ತಿರುಗುತ್ತಿರುವಾಗಲೇ ಎಳೆಯುತ್ತಿದ್ದ. ತಿರುಗುವ ಮೋಟರು ಎದುರು ಒತ್ತುತ್ತಿರುತ್ತದೆ, ಅಲಗು ಬಿಡುವಾಗ ಎರಡು ಒತ್ತಡಗಳ ನಡುವೆ ವ್ಯತ್ಯಾಸ ಅಷ್ಟಿಷ್ಟೇ, ಚಿಟಕ್ಕೆಂದು ಒಂದು ಕಿಡಿ. ನಿಂತ ಮೋಟರಿನ ಸ್ವಿಚ್ಚು ಎಳೆದರೆ ಇಪ್ಪತ್ತು ಪಟ್ಟು ಕರೆಂಟು ಗಾಳಿಯಲ್ಲಿ ಉರಿಯುತ್ತ ಬೆನ್ನಟ್ಟಿಕೊಂಡು ಬರುತ್ತದೆ. ಇದು ಆ ಶೆಡ್ಡಿನಲ್ಲಿ ಬೇರೆ ಯಾರಿಗೆ ಗೊತ್ತಿರದಿದ್ದರೂ ಅವನಿಗೆ ಗೊತ್ತಿತ್ತು.

ಎಡಗೈಯಿಂದ ಕಣ್ಣು ಮುಚ್ಚಿಕೊಂಡು ಬಲಗೈಯಿಂದ ಎಳೆದ.

ಬೆಳಕು ಬಿಳಿಯಾಗಿತ್ತು. ಮೊಳದುದ್ದದ ಬೆಂಕಿ ಅಲಗಿನ ಜೊತೆಗೇ ಹೊರಗೆ ಬಂತು, ಅವನ ಕೈಯನ್ನೂ ಎದೆಯನ್ನೂ ಮುಖವನ್ನೂ ಹಿಡಿಯಿತು. ಕರಗಿದ ತಾಮ್ರ ಸಿಡಿಯಿತು. ಅವನು ಹಿಡಿಕೆ ಬಿಡಲಿಲ್ಲ. ಬಿಟ್ಟಿದ್ದರೆ ಅಲಗು ಅರ್ಧಕ್ಕೇ ನಿಂತು ಬೆಂಕಿ ಉರಿಯುತ್ತಲೇ ಇರುತ್ತಿತ್ತು, ಉರುಳೆ ಎಳೆಯುತ್ತಲೇ ಇರುತ್ತಿತ್ತು. ಗೋಡೆಗೆ ಬಡಿಯುವ ತನಕ ಎಳೆದ. ಬೆಂಕಿ ತುಂಡಾಯಿತು. ಮೋಟರು ಸುಮ್ಮನಾಯಿತು. ಅವನು ಬಿದ್ದ.

ಫಿಟ್ಟರು ಬಂದು ಉರುಳೆಗಳ ಸ್ಕ್ರೂ ಬಿಚ್ಚಿ ತಮ್ಮನನ್ನು ಬಿಡಿಸಿದ. ಕೈ ಎನ್ನುವಂಥದ್ದು ಅಲ್ಲಿ ಏನೂ ಉಳಿದಿರಲಿಲ್ಲ. ಅವಳು ಅತ್ತ ನೋಡಲಿಲ್ಲ. ಅವಳ ಗಂಡನ ಅಂಗಿ ಚರ್ಮಕ್ಕೆ ಅಂಟಿತ್ತು. ಕೈಯಲ್ಲಿದ್ದ ಕತ್ತರಿಯಿಂದ ಅವಳು ಅದನ್ನು ಕತ್ತರಿಸಿ ಬಿಡಿಸಿದಳು. ಚರ್ಮವೂ ಬಂತು.

ಆಸ್ಪತ್ರೆಯಲ್ಲಿ ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಒಂದೇ ಸಲ ಮಾತಾಡಿದ.

"ಸ್ವಿಚ್ಚು ಪೂರ್ತಿ ಬಿಡ್ತಾ?"

"ಬಿಡ್ತು ರೀ."

ಬೆಳಗಾಗುವ ಮೊದಲು ಹೋದ.

ತನಿಖೆಯವರು ಬಂದರು. ಸುಟ್ಟ ಅಲಗನ್ನು, ತಂತಿಯ ಗಂಟನ್ನು ನೋಡಿದರು. ಕಟ್ಟಿದವರು ಯಾರೆಂದು ಕೇಳಿದರು. ನಿಧಾನಣ್ಣನೇ ಇರಬೇಕು ಎಂದ ಮೇಸ್ತ್ರಿ, ಸತ್ತವನು ಬಂದು ಇಲ್ಲವೆನ್ನುವುದಿಲ್ಲವಲ್ಲ. ಅವಳು ಮೇಸ್ತ್ರಿಯ ಮುಖಕ್ಕೆ ಉಗಿದಳು. ಬೇರೆ ಯಾರು ಎಂದು ಕೇಳಿದಾಗ ತಮ್ಮನ ಹೆಸರು ಹೇಳಿದಳು. ಅವನು ಆಸ್ಪತ್ರೆಯ ಮಂಚದ ಮೇಲಿಂದ ಹೌದು ಎಂದ. ಅವನ ಉರುಳೆಯ ಕೆಲಸ ಹೋಯಿತು. ಅಯಸ್ಕಾಂತ ಬದಲಿಸದ ಮೇಸ್ತ್ರಿಯ ಕೆಲಸವೂ ಹೋಯಿತು. ಅದರಿಂದ ಅವಳಿಗೆ ಏನೂ ಸಮಾಧಾನವಾಗಲಿಲ್ಲ.

ಗಾಯ ಮಾಗಿದ ಮೇಲೆ ತಮ್ಮ ಬಂದು ಬಾಗಿಲಲ್ಲಿ ನಿಂತ. ಬೇರೆ ಎಲ್ಲಿಗೂ ಹೋಗಲು ಅವನಿಗೆ ಜಾಗವಿರಲಿಲ್ಲ. ಅವಳು ಕೈಗೆ ಸಿಕ್ಕ ಹಿತ್ತಾಳೆಯ ತಂಬಿಗೆಯಿಂದ ಹೊಡೆದಳು. ತಲೆಗೆ, ಬೆನ್ನಿಗೆ, ಮೋಟುಗೈಗೆ. ತಂಬಿಗೆ ನೆಗ್ಗಿತು. ಅವನು ಇದ್ದ ಕೈಯನ್ನೂ ಅಡ್ಡ ಹಿಡಿಯಲಿಲ್ಲ. ರಕ್ತ ಹೊಸಿಲ ಮೇಲೆ ಬಿತ್ತು. ಪಕ್ಕದ ಮನೆಯಾಕೆ ಬಂದು ಹಿಡಿದುಕೊಂಡಳು. ಇವನನ್ನು ಹೊಡೆದು ಕೊಲ್ಲುವ ಬದಲು ಓಡಿಸಿಬಿಡು, ಗಂಡನನ್ನು ತಿಂದವನನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಾರಾ ಎಂದಳು.

ಅವಳು ಏದುಸಿರು ಬಿಡುತ್ತ ಗೋಡೆಗೆ ಒರಗಿದಳು.

"ಹೆಂಗೆ ಓಡಿಸ್ಲಿ," ಎಂದಳು. "ಅವರು ಎಳೆದದ್ದು ಇವನಿಗೋಸ್ಕರ. ಇವನನ್ನ ಬೀದೀಲಿ ಬಿಟ್ರೆ ಅವರು ಸುಮ್ನೆ ಸುಟ್ಟುಕೊಂಡ ಹಾಗಾಗುತ್ತೆ." ಆಮೇಲೆ ತಮ್ಮನ ಕಡೆ ತಿರುಗಿ, "ಒಳಗೆ ಬಾ. ಆದ್ರೆ ನನ್ನನ್ನ ಅಕ್ಕ ಅನ್ಬೇಡ," ಎಂದಳು.

ಅವನು ಅನ್ನಲಿಲ್ಲ. ಇನ್ನೂ ಅನ್ನುವುದಿಲ್ಲ.

ಕಾರ್ಖಾನೆಯವರು ಅವನಿಗೆ ಕರಿಪುಡಿಯ ಉಗ್ರಾಣದಲ್ಲಿ ರಾತ್ರಿ ಕಾವಲಿನ ಕೆಲಸ ಕೊಟ್ಟಿದ್ದಾರೆ. ಆ ಪುಡಿ ಗಾಳಿಯಲ್ಲೇ ಇರುತ್ತದೆ, ಮುಟ್ಟದಿದ್ದರೂ ಮೈಗೆ ಹತ್ತುತ್ತದೆ. ಬೆಳಗ್ಗೆ ಅವನು ಮನೆಗೆ ಬಂದಾಗ ಎಡಗೈ ಮೊಣಕೈವರೆಗೆ ಕಪ್ಪಾಗಿರುತ್ತದೆ. ಇರುವ ಒಂದೇ ಕೈಯನ್ನು ಅದೇ ಕೈಯಿಂದ ತೊಳೆದುಕೊಳ್ಳಲಾಗುವುದಿಲ್ಲ. ಅವಳು ಕೆಲಸಕ್ಕೆ ಹೊರಡುವ ಮೊದಲು ನಲ್ಲಿಯ ಹತ್ತಿರ ಕಾಯುತ್ತಾಳೆ. ಅವನು ಕೈ ಚಾಚುತ್ತಾನೆ. ಅವಳು ಸೋಪು ಹಚ್ಚಿ ನಾರಿನಿಂದ ತಿಕ್ಕುತ್ತಾಳೆ, ಬೆರಳ ಸಂದಿ, ಉಗುರಿನ ಸಂದಿ. ಕೆಲವು ದಿನ ಚರ್ಮ ಕೆಂಪಾದ ಮೇಲೂ ತಿಕ್ಕುತ್ತಾಳೆ. ಅವನು ಕೈ ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ. ನೀರು ಹೊಯ್ದು, ಟವೆಲಿನಿಂದ ಒರೆಸಿ, ಅವಳು ತನ್ನ ಡಬ್ಬಿ ತೆಗೆದುಕೊಂಡು ಹೊರಡುತ್ತಾಳೆ.