ಎರಡನೆಯ ಸಂತೆಯ ಓದು

ಆ ರೋಗದ ಹೆಸರನ್ನು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕ್ಷಯ ಅಂದರೆ ಅದು ಕರೆದಂತಾಗಿ ಮನೆಯೊಳಗೆ ಬಂದು ಕೂರುತ್ತದೆ ಎಂಬ ಅಂಜಿಕೆ. "ಆ ಬ್ಯಾನಿ" ಅನ್ನುತ್ತಿದ್ದರು, ಅಷ್ಟೇ. ಐವತ್ತರ ದಶಕ ಮುಗಿಯುತ್ತ ಬಂದಿದ್ದ ಹೊತ್ತಿಗೆ ನಮ್ಮ ಓಣಿಯ ಒಬ್ಬ ಹೆಣ್ಣುಮಗಳಿಗೆ ಆ ಬ್ಯಾನಿ ಬಂತು.

ಅವಳು ನಮ್ಮ ಪಕ್ಕದ ಮನೆಯವರ ಮಗಳು. ರೋಣದಲ್ಲಿ ಹುಟ್ಟಿ, ನಾನು ಮಾಸ್ತರನಾಗಿದ್ದ ಸಾಲೆಯಲ್ಲೇ ನಾಲ್ಕನೇ ಇಯತ್ತೆ ತನಕ ಓದಿ, ಸವಡಿಯ ಒಂದು ಒಕ್ಕಲುತನದ ಮನೆಗೆ ಸೊಸೆಯಾಗಿ ಹೋಗಿದ್ದಳು. ನನ್ನನ್ನು ಅಣ್ಣ ಅನ್ನುತ್ತಿದ್ದಳು. ಕೂಸು ಹುಟ್ಟಿ ವರ್ಷವಾಗುವುದರೊಳಗೆ ಕೆಮ್ಮು ಹಿಡಿಯಿತು, ಸಂಜೆಯಾದರೆ ಜ್ವರ, ಒಂದು ದಿನ ಸೆರಗಿನಲ್ಲಿ ರಕ್ತ. ರೋಣದ ದವಾಖಾನೆಯ ಡಾಕ್ಟರು ಕಫ ನೋಡಿ ಎರಡು ತರಹದ ಗುಳಿಗೆ ಶುರುಮಾಡಿದರು. ದೂರದ ಸ್ಯಾನಿಟೋರಿಯಮ್ಮಿನಲ್ಲಿ, ಅಂದರೆ ಆ ಬ್ಯಾನಿಯವರದೇ ಆಸ್ಪತ್ರೆಯಲ್ಲಿ, ಹಾಸಿಗೆ ಖಾಲಿ ಇರಲಿಲ್ಲ. ಅತ್ತೆ ಅಂತೂ ಅವಳನ್ನು ತವರಿಗೆ ಕಳಿಸಿಬಿಡಬೇಕು, ಕೂಸನ್ನು ಇಟ್ಟುಕೊಳ್ಳಬೇಕು ಅಂತ ಹಟ ಹಿಡಿದಿದ್ದಳು. ಗಂಡನಿಗೆ ಮನಸ್ಸಿರಲಿಲ್ಲ. ಒಳ್ಳೆಯ ಮನುಷ್ಯ, ಅಕ್ಷರ ಬಾರದವನು, ಹೆಂಡತಿಯ ಮೇಲೆ ಜೀವ ಇಟ್ಟವನು.

ಹೀಗಿರುವಾಗ ಡಾಕ್ಟರಿಗೆ ಅಂಚೆಯಲ್ಲಿ ಒಂದು ಇಂಗ್ಲಿಷ್ ವೈದ್ಯಪತ್ರಿಕೆ ಬಂತು. ಅದರಲ್ಲಿ ಮದ್ರಾಸಿನಲ್ಲಿ ನಡೆದ ಒಂದು ಅಧ್ಯಯನದ ವರದಿ. ಡಾಕ್ಟರು ಸಾಲೆಗೇ ಬಂದು ನನ್ನನ್ನು ಹಿಡಿದರು.

"ಮಾಸ್ತರ್ರ, ಇದನ್ನ ನಮ್ಮ ಮಂದಿಗೆ ತಿಳಿಯೂ ಹಂಗ ಕನ್ನಡದಾಗ ಬರೀಬೇಕ್ರಿ. ನಾ ಹೇಳಿದ್ರ ಹೂಂ ಅಂತಾರ, ಎದ್ದು ಹೋಗತಾರ. ನೀವು ಹೇಳಿದ್ರ ಕೂತು ಕೇಳತಾರ."

"ನನಗ ವೈದ್ಯಕೀಯ ಏನ್ ತಿಳೀತದ್ರಿ?"

"ತಿಳಿಸೂದು ನನ್ನ ಕೆಲಸ. ಬರಿಯೂದು ನಿಮ್ಮದು. ಒಂದ ಮಾತು, ಕ್ರಮ ಮಾತ್ರ ಕೆಡಸಬ್ಯಾಡ್ರಿ. ಯಾಕ ಮಾಡಿದ್ರು, ಹ್ಯಾಂಗ ಮಾಡಿದ್ರು, ಏನು ಕಂಡ್ರು. ಈ ಮೂರೂ ಒಂದಕ್ಕೊಂದು ಹೊಲದಿರ್ತಾವ."

ನಾಲ್ಕು ಸಂಜೆ ದವಾಖಾನೆಯ ಕಟ್ಟೆಯ ಮೇಲೆ ಕೂತು ಬರೆದೆವು. ಅವರು ಹೇಳುವುದು, ನಾನು ನಮ್ಮ ಅಜ್ಜಿಯ ಬಾಯಿಂದ ಕಲಿತ ಮಾತಿಗೆ ಅದನ್ನು ಇಳಿಸುವುದು. ಬರೆದದ್ದು ಇಷ್ಟು.

ಯಾಕೆ ಮಾಡಿದರು: ಈ ರೋಗದವರು ಲಕ್ಷಗಟ್ಟಲೆ ಇದ್ದಾರೆ, ಆಸ್ಪತ್ರೆಯ ಹಾಸಿಗೆ ಬೆರಳೆಣಿಕೆಯಷ್ಟು. ಮನೆಯಲ್ಲೇ ಇದ್ದು ಗುಳಿಗೆ ತೆಗೆದುಕೊಂಡರೆ ಆಸ್ಪತ್ರೆಯಲ್ಲಿದ್ದವರಷ್ಟೇ ಗುಣವಾದೀತೇ? ಮನೆಯ ಮಿಕ್ಕವರಿಗೆ ಹೆಚ್ಚು ಅಪಾಯವಾದೀತೇ? ಇದನ್ನು ತಿಳಿಯಲು.

ಹೇಗೆ ಮಾಡಿದರು: ಕಫದಲ್ಲಿ ರೋಗದ ಕ್ರಿಮಿ ಇದ್ದ ಬಡವರನ್ನು ಆರಿಸಿಕೊಂಡರು. ಯಾರು ಮನೆಗೆ, ಯಾರು ಸ್ಯಾನಿಟೋರಿಯಮ್ಮಿಗೆ ಎಂಬುದನ್ನು ಡಾಕ್ಟರು ತಮ್ಮ ಮನಸ್ಸಿನಂತೆ ನಿಶ್ಚಯಿಸಲಿಲ್ಲ, ಚೀಟಿ ಎತ್ತಿದ ಹಾಗೆ ನಿಶ್ಚಯವಾಯಿತು. ಇಲ್ಲದಿದ್ದರೆ ಗಟ್ಟಿಮುಟ್ಟಾದವರೆಲ್ಲ ಒಂದು ಕಡೆ ಬಿದ್ದು ಹೋಲಿಕೆ ಕೆಡುತ್ತಿತ್ತು. ಸ್ಯಾನಿಟೋರಿಯಮ್ಮಿನವರಿಗೆ ಒಳ್ಳೆಯ ಊಟ, ವಿಶ್ರಾಂತಿ, ಗಾಳಿ. ಮನೆಯವರಿಗೆ ಇಕ್ಕಟ್ಟಿನ ಮನೆ, ಇದ್ದ ಊಟ. ಗುಳಿಗೆ ಮಾತ್ರ ಇಬ್ಬರಿಗೂ ಅವೇ, ದಿನವೂ, ಪೂರ್ತಿ ಒಂದು ವರ್ಷ. ಮನೆಯಲ್ಲಿದ್ದವರು ಗುಳಿಗೆ ನುಂಗಿದರೋ ಇಲ್ಲವೋ ಎಂದು ಹೇಳದೆ ಕೇಳದೆ ಹೋಗಿ ಉಳಿದ ಗುಳಿಗೆ ಎಣಿಸಿದರು, ಮೂತ್ರ ಪರೀಕ್ಷೆ ಮಾಡಿದರು. ಕಫವನ್ನು ಮತ್ತೆ ಮತ್ತೆ ನೋಡಿದರು.

ಏನು ಕಂಡರು: ವರ್ಷದ ಕೊನೆಗೆ ಎರಡೂ ಕಡೆಯವರು ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಗುಣವಾಗಿದ್ದರು. ಮನೆಯಲ್ಲಿ ರೋಗಿ ಇದ್ದ ಕಾರಣಕ್ಕೆ ಜೊತೆಯವರಲ್ಲಿ ರೋಗ ಹೆಚ್ಚಿದ್ದು ಕಾಣಲಿಲ್ಲ.

ಡಾಕ್ಟರು ಓದಿ ಕೇಳಿ, "ಚಲೋ ಆತ್ರಿ" ಅಂದರು. ಇದನ್ನು ಒಂದೇ ಬೈಠಕ್ಕಿನಲ್ಲಿ ಓದಿ ಮುಗಿಸಿದ್ದರೆ ಕಾಲು ತಾಸಿನ ಕೆಲಸ. ಆದರೆ ನನಗೆ ನನ್ನ ನಾಲಿಗೆಯ ಮೇಲೆ ಮೋಹ. ನಮ್ಮ ಅಜ್ಜ ಪುರಾಣ ಓದುತ್ತಿದ್ದ ರೀತಿಯಲ್ಲಿ ಓದೋಣ, ಮೂರು ಸಂತೆಗೆ ಮೂರು ಭಾಗ, ಕೊನೆಯ ದಿನ ಮಂಗಲ ಮಾಡಿ ಬೆಲ್ಲ ಹಂಚೋಣ ಅಂದೆ. ಡಾಕ್ಟರು ಧಾರವಾಡದ ಪೇಟೆಯಲ್ಲಿ ಬೆಳೆದವರು, ಒಪ್ಪಿದರು. ನಾನು ಹಳ್ಳಿಯವನು, ನನಗಾದರೂ ಗೊತ್ತಿರಬೇಕಿತ್ತು. ನಮ್ಮಲ್ಲಿ ಪುರಾಣ ಹಚ್ಚಿದ ದಿನ ನಾಲ್ಕು ಮಂದಿ ಮುದುಕರು ಬರುತ್ತಾರೆ, ನಡುವೆ ಬರುವವರು ತೂಕಡಿಸುತ್ತಾರೆ, ಮಂಗಲದ ದಿನ ಊರಿಗೆ ಊರೇ ಬಂದು ಫಲ ಕೇಳಿಕೊಂಡು ಪ್ರಸಾದ ಕಟ್ಟಿಕೊಂಡು ಹೋಗುತ್ತದೆ. ಪುಣ್ಯ ಪೂರ್ತಿ ಬಂತೆಂದೇ ಎಲ್ಲರ ಎಣಿಕೆ.

ಮೊದಲ ಸಂತೆಗೆ ಅವಳ ಗಂಡ ಬಂದಿದ್ದ. ಎರಡನೆಯದಕ್ಕೆ ಎತ್ತು ನೋಡಲು ಗಜೇಂದ್ರಗಡಕ್ಕೆ ಹೋಗಿದ್ದ. ಅವನೊಬ್ಬನ ಮಾತೇಕೆ, ಆ ದಿನ ಕಟ್ಟೆಯ ಮೇಲೆ ಇದ್ದದ್ದೇ ಎಂಟ್ಹತ್ತು ಮಂದಿ. ಚೀಟಿ ಎತ್ತುವ ಮಾತು ಓದುತ್ತಿದ್ದಂತೆ ಮುಶಿಗೇರಿಯ ಒಬ್ಬ ಮುದುಕ ಆಕಳಿಸಿದ.

"ಮಾಸ್ತರಾ, ಮದ್ರಾಸಿನ್ಯಾವ್ರ ಚೀಟಿ ತಗೊಂಡು ನಾವೇನ್ ಮಾಡೂದೋ? ಕಥಿ ಹೇಳೋ ಮಾರಾಯ."

ಎಲ್ಲರೂ ನಕ್ಕರು. ನನಗೂ ಉಮೇದು ಬಂತು. ಚೀಟಿ ಎತ್ತಿ ಹೊಲ ಹಂಚಿಕೊಂಡ ಅಣ್ಣತಮ್ಮಂದಿರ ಒಂದು ನಗೆಕಥೆ ಹೇಳಿದೆ, ಕಟ್ಟೆ ಬಿದ್ದು ಬಿದ್ದು ನಕ್ಕಿತು. ಹೊತ್ತು ಏರಿತ್ತು. ಇಬ್ಬರಿಗೂ ವರ್ಷವಿಡೀ ಅವೇ ಗುಳಿಗೆ ಕೊಟ್ಟದ್ದು, ಉಳಿದದ್ದನ್ನು ಎಣಿಸಿದ್ದು, ಮೂತ್ರ ನೋಡಿದ್ದು ಎಲ್ಲ ಆ ಪುಟದ ಕೆಳಗಿತ್ತು. ಪುಟ ಮಡಚಿಬಿಟ್ಟೆ. ಡಾಕ್ಟರು ಒಳಗೆ ಯಾರದೋ ಹುಣ್ಣಿಗೆ ಪಟ್ಟಿ ಕಟ್ಟುತ್ತಿದ್ದರು.

ಮೂರನೆಯ ಸಂತೆಗೆ ಮಂದಿ ಬೀದಿಯ ತನಕ ನಿಂತಿತ್ತು. "ಎರಡೂ ಕಡೆಯವರು ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಗುಣವಾಗಿದ್ದರು" ಎಂದು ಓದಿದಾಗ ಅವಳ ಗಂಡ ಎದ್ದು ನಿಂತ.

"ಇನ್ನೊಮ್ಮೆ ಓದ್ರಿ ಮಾಸ್ತರ್ರ!"

ಓದಿದೆ. ಅವನ ಕಣ್ಣಲ್ಲಿ ನೀರಿತ್ತು. ಬೆಲ್ಲವನ್ನು ಹೆಗಲ ಮೇಲಿನ ಟವಲಿನಲ್ಲಿ ಕಟ್ಟಿಕೊಂಡು ಸವಡಿಯ ದಾರಿ ಹಿಡಿದ.

ಆ ಮನೆಯಲ್ಲಿ ನಡೆದದ್ದು ನನಗೆ ತಿಳಿದದ್ದು ಆಮೇಲೆ. ಅವನು ತಾಯಿಯ ಮುಂದೆ ಕೂತು, "ಯವ್ವಾ, ಮನಿಯಾಗ ಇದ್ರೂ ಅಷ್ಟ, ದವಾಖಾನ್ಯಾಗ ಇದ್ರೂ ಅಷ್ಟ ಅಂತ ದೊಡ್ಡ ದೊಡ್ಡ ಡಾಕ್ಟರ್ರು ಕಂಡಾರ. ಆಕೀನ್ನ ಎಲ್ಲೂ ಕಳಸೂದಿಲ್ಲ" ಅಂದನಂತೆ. ಅತ್ತೆ ಸುಮ್ಮನಾದಳು. ಸುಮ್ಮನಾದದ್ದಷ್ಟೇ ಅಲ್ಲ, ಸೊಸೆಗೆ ಹಾಲು, ತುಪ್ಪ, ಸಜ್ಜಕ ಎಲ್ಲ ಶುರುವಾಯಿತು. ಅವಳು ಮೈ ತುಂಬಿಕೊಂಡಳು. ಕೆಮ್ಮು ಅಡಗಿತು. ನಾನೊಮ್ಮೆ ಹೋದಾಗ ರೊಟ್ಟಿ ಬಡಿಯುತ್ತ ಕೂತಿದ್ದವಳು, "ನಿನ್ನ ಪುರಾಣ ನನ್ನ ಮನಿ ಉಳಿಸಿತಣ್ಣಾ" ಅಂದಳು. ಕೆನ್ನೆ ಕೆಂಪಗಿದ್ದವು. ನನಗೆ ಆ ಕೆಂಪು ಯಾಕೋ ಹಿಡಿಸಲಿಲ್ಲ. ಆದರೂ ಹೊಗಳಿಕೆ ಸಿಹಿಯಾಗಿತ್ತು, ತಿಂದು ಬಂದೆ.

ಗುಳಿಗೆಗಳೆಂದರೆ ಹೊಟ್ಟೆ ತೊಳಸುವಂಥವು, ದಿನಕ್ಕೆ ಹಿಡಿಗಟ್ಟಲೆ. ಮೊದಮೊದಲು ತಿಂದ ಹಾಲುತುಪ್ಪವೆಲ್ಲ ವಾಂತಿಯಾಗುತ್ತಿತ್ತು. ಅದಕ್ಕೆ ಅತ್ತೆ ಅಂದಳಂತೆ: "ಗುಣ ಮಾಡೂದು ಮನಿ ಅಂತ ಆತಲ್ಲ. ಮತ್ತ ಈ ವಿಷಾ ಯಾಕ? ಉಂಡದ್ದು ಹೊಟ್ಯಾಗ ನಿಲ್ಲಲಿ." ಗಂಡನಿಗೂ ಅದು ಸರಿ ಕಂಡಿತು. ಡಾಕ್ಟರಿಗೆ ಬೇಸರವಾಗಬಾರದೆಂದು ವಾರಕ್ಕೊಮ್ಮೆ ಗುಳಿಗೆ ತರುವುದನ್ನು ಮಾತ್ರ ಬಿಡಲಿಲ್ಲ. ಎದುರಾಡಿ ಬಿಡುವುದಕ್ಕಿಂತ ತಂದಿಡುವುದು ಮರ್ಯಾದೆ ಅಂತ ತಿಳಿದವರು ನಮ್ಮ ಮಂದಿ. ದವಾಖಾನೆಯ ವಹಿಯಲ್ಲಿ ಒಂದು ವಾರವೂ ತಪ್ಪಿರಲಿಲ್ಲ.

ಬೇಸಿಗೆಯ ಬಿಸಿಲು ಏರುತ್ತಿದ್ದ ದಿನಗಳಲ್ಲಿ ಡಾಕ್ಟರು ಚಿಕ್ಕನರಗುಂದದ ಕಡೆಯಿಂದ ಬರುತ್ತ ನನ್ನನ್ನೂ ಕರೆದುಕೊಂಡು ಸವಡಿಗೆ ಹೋದರು. ಮುಂಜಾನೆಯ ಹೊತ್ತು. ಅಂಗಳದಲ್ಲಿ ಕಾಲಿಡುವ ಮೊದಲೇ ಒಳಗಿಂದ ಕೆಮ್ಮು ಕೇಳಿತು. ಸಣ್ಣದು, ಒಣಗಿದ್ದು, ಬಾಯಿಗೆ ಸೆರಗು ಒತ್ತಿ ಕೆಮ್ಮಿದ್ದು. ಡಾಕ್ಟರು ನಡೆಯುತ್ತಿದ್ದವರು ನಿಂತರು.

"ಗುಳಿಗಿ ಡಬ್ಬಿ ತರ್ರಿ."

ಗಂಡ ಅತ್ತೆಯ ಮುಖ ನೋಡಿದ. ಅತ್ತೆ, "ಮೊದಲ ಚಾ ಕುಡೀರಿ ಡಾಕ್ಟರ್ರ" ಅಂದಳು.

"ಚಾ ಆಮ್ಯಾಲ. ಡಬ್ಬಿ."

ಡಬ್ಬಿ ಬರಲಿಲ್ಲ, ಗಡಿಗೆ ಬಂತು. ಕಾಳು ಹಾಕುವ ಗಡಿಗೆ. ಡಾಕ್ಟರು ಅದನ್ನು ಬಗ್ಗಿಸಿದರು. ಪೊಟ್ಟಣದ ಮೇಲೆ ಪೊಟ್ಟಣ, ಕಟ್ಟಿದ ದಾರವನ್ನೂ ಬಿಚ್ಚಿರಲಿಲ್ಲ. ಕೂಸು ತೆವಳುತ್ತ ಬಂದು ಒಂದನ್ನು ಹಿಡಿದು ಗಿಲಕಿಯಂತೆ ಆಡಿಸಿತು.

"ಯಾಕ ಬಿಟ್ರಿ?" ಡಾಕ್ಟರ ದನಿಯಲ್ಲಿ ಸಿಟ್ಟಿಗಿಂತ ಅಂಜಿಕೆ ಹೆಚ್ಚಿತ್ತು.

"ಮಾಸ್ತರ್ರ ಓದಿದ್ರಲ್ರಿ," ಗಂಡ ನನ್ನ ಕಡೆ ಕೈ ಮಾಡಿದ, ದೂರುವುದಕ್ಕಲ್ಲ, ಸಾಕ್ಷಿಗೆ. "ಮನಿಯಾಗ ಇದ್ರೂ ಗುಣ ಆಗತೇತಿ ಅಂತ. ಹೌದಿಲ್ರಿ ಮಾಸ್ತರ್ರ?"

ಡಾಕ್ಟರು ನನ್ನ ಕಡೆ ನೋಡಲಿಲ್ಲ. ಅವಳ ಕಫವನ್ನು ಬಾಟಲಿಯಲ್ಲಿ ಹಾಕಿಸಿಕೊಂಡರು. ಹಿಂತಿರುಗುವ ದಾರಿಯಲ್ಲಿ ಹೇಳಿದರು: "ಅಲ್ಲೆ ಮನೀ ಮನೀಗೆ ಹೋಗಿ ಎಣಸಾಕ ಮಂದಿ ಇದ್ರು. ಇಲ್ಲೆ ನಾ ಒಬ್ಬ. ನಾ ವಹಿ ನೋಡಿ ಸುಮ್ಮನಿದ್ದೆ. ಗುಳಿಗಿ ಅರ್ಧಕ್ಕ ಬಿಟ್ರ ಕ್ರಿಮಿ ಸಾಯೂದಿಲ್ರಿ. ಉಳದದ್ದು ಮೊದಲಿನಕಿಂತ ಗಟ್ಟಿ ಇರತೇತಿ. ಇನ್ನ ಅದೇ ಗುಳಿಗಿಗೆ ಅಂಜತೇತೋ ಇಲ್ಲೋ, ದೇವರಿಗೇ ಗೊತ್ತು."

ನಾನು ಆಗ ಹೇಳಬೇಕಿತ್ತು. ಹೇಳಲಿಲ್ಲ. ಎರಡು ದಿನ ಬಿಟ್ಟು, ಕಫದಲ್ಲಿ ಕ್ರಿಮಿ ತುಂಬಿವೆ ಅಂತ ಗೊತ್ತಾದ ಮೇಲೆ, ದವಾಖಾನೆಗೆ ಹೋಗಿ ಮಡಚಿದ ಪುಟದ ಸಂಗತಿ ಹೇಳಿದೆ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಆ ಪುಟದಾಗನ ಅದರ ಜೀವಾ ಇತ್ತಲ್ರಿ," ಅಂದರು, ಅಷ್ಟೇ.

ಸ್ಯಾನಿಟೋರಿಯಮ್ಮಿನಲ್ಲಿ ಅಷ್ಟರಲ್ಲಿ ಒಂದು ಹಾಸಿಗೆ ಖಾಲಿಯಾಗಿತ್ತು. ಯಾಕೆ ಖಾಲಿಯಾಯಿತೆಂದು ಯಾರೂ ಕೇಳಲಿಲ್ಲ. ಹೊರಟ ದಿನ ಮೋಟಾರು ನಿಲ್ಲುವಲ್ಲಿ ಅವಳು ಟ್ರಂಕಿನ ಮೇಲೆ ಕೂತಿದ್ದಳು. ಕೂಸನ್ನು ಅತ್ತೆ ಎತ್ತಿಕೊಂಡು ಹತ್ತು ಮಾರು ದೂರ ನಿಂತಿದ್ದಳು. ಗಂಡ ತಿಕೀಟು ತರಲು ಹೋದಾಗ ಅವಳು ನನ್ನನ್ನು ಕರೆದಳು.

"ಅಣ್ಣಾ, ಮದ್ರಾಸಿನ್ಯಾವ್ರು ಗುಳಿಗಿ ತಪ್ಪಸಬಾರದಂತ ಕಾವಲು ಇಟ್ಟಿದ್ರಂತಲ್ಲ. ಡಾಕ್ಟರ್ರು ಹೇಳಿದ್ರು. ಅದು ನಿನ್ನ ಕಾಗದದಾಗ ಇತ್ತೇನು?"

"ಇತ್ತವ್ವಾ."

"ಓದಿದ್ಯೇನು?"

ಮೂವತ್ತು ವರ್ಷ ಮಾತಿನಿಂದಲೇ ಹೊಟ್ಟೆ ಹೊರೆದವನು ನಾನು. ಆವತ್ತು ಅವಳ ಟ್ರಂಕಿನ ಬೀಗ ನೋಡುತ್ತ ನಿಂತೆ. ಅವಳು ನನ್ನ ಮುಖ ನೋಡಿ ಉತ್ತರ ಓದಿಕೊಂಡಳು. "ನಮ್ಮ ಮನಿಯವರಿಗೆ ಹೇಳಬ್ಯಾಡ. ನಿನ್ನ ಮ್ಯಾಲ ಭಾಳ ನಂಬಿಗಿ ಅವರದು," ಅಂದು, ಕೂಸಿನ ಕಡೆ ಒಮ್ಮೆ ಕೈ ಮಾಡಿ ಮೋಟಾರು ಹತ್ತಿದಳು. ಕೂಸು ಅಜ್ಜಿಯ ಹೆಗಲ ಮೇಲೆ ಮುಖ ಹುದುಗಿಸಿತ್ತು, ನೋಡಲಿಲ್ಲ.

ತಿಂಗಳಿಗೊಂದು ಕಾರ್ಡು ಬರುತ್ತಿತ್ತು. ನಾನು ಕಲಿಸಿದ ದುಂಡಗಿನ ಅಕ್ಷರ. ಗಂಡ ಅದನ್ನು ಟೊಪ್ಪಿಗೆಯಲ್ಲಿಟ್ಟುಕೊಂಡು ಸವಡಿಯಿಂದ ನಡೆದು ಬರುತ್ತಿದ್ದ, ನಾನು ಓದುತ್ತಿದ್ದೆ. ಮೊದಲ ಕಾರ್ಡುಗಳಲ್ಲಿ ಊಟದ ಮಾತು, ಕಿಟಕಿಯ ಮಾತು ಇರುತ್ತಿತ್ತು. ಬರಬರುತ್ತ ಸಾಲು ಕಡಿಮೆಯಾದವು, ಅಕ್ಷರ ದೊಡ್ಡವಾದವು, ಕೊನೆಯ ಸಾಲು ಕೆಳಕ್ಕೆ ಜಾರುತ್ತಿತ್ತು. ಅವನಿಗೆ ಅದು ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿತ್ತು.

ಎಂಟು ಕಾರ್ಡು ಹಾಗೆ ಬಂದವು. ಒಂಬತ್ತನೆಯದನ್ನು ಅವನು ತಂದಾಗ ನಾನು ಸಾಲೆಯ ಪಡಸಾಲೆಯಲ್ಲಿದ್ದೆ. ಕೈಗೆ ತೆಗೆದುಕೊಂಡೆ. ಅಕ್ಷರ ಅವಳದಾಗಿರಲಿಲ್ಲ. ತೆಳ್ಳಗೆ, ನೇರವಾಗಿ, ಇಂಥ ಕಾರ್ಡು ಎಷ್ಟೋ ಬರೆದು ರೂಢಿಯಾದ ಕೈಯದು. ನನ್ನ ಕಣ್ಣು ತಾನಾಗಿ ಕೊನೆಯ ಸಾಲಿಗೆ ಓಡಿತು. ಅವನು ಕಂಬಕ್ಕೆ ಒರಗಿ ಕೂತು ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

"ಮೊದಲಿಂದ ಓದ್ರಿ ಮಾಸ್ತರ್ರ," ಅಂದ. "ಏನೂ ಬಿಡಬ್ಯಾಡ್ರಿ."